ಹೋದ ಅಂಕ ಎಲ್ಲಿ ಹೋಯಿತು?

ಮುಖ್ಯೋಪಾಧ್ಯಾಯರಿಗೂ ಎಲ್ಲ ಶಿಕ್ಷಕರಿಗೂ ನಮಸ್ಕಾರ. ಮಕ್ಕಳೇ, ಕೂತುಕೊಳ್ಳಿ.

ಅರ್ಧವಾರ್ಷಿಕ ಪರೀಕ್ಷೆಯ ಗಣಿತ, ಸಮಾಜ ವಿಜ್ಞಾನದ ಪೇಪರ್ ನಿನ್ನೆ ನಿಮ್ಮ ಕೈಸೇರಿದೆ. ಮೊದಲು ನೋಡಿದ್ದು ಮೇಲಿನ ಕೆಂಪು ಅಂಕಿ, ಆಮೇಲೆ ಪಕ್ಕದವರ ಪೇಪರಿನ ಕೆಂಪು ಅಂಕಿ. ಒಳಪುಟ ತಿರುಗಿಸುವ ಮೊದಲೇ ಎಷ್ಟೋ ಪೇಪರ್ ಬ್ಯಾಗ್ ಸೇರಿದವು. ಇವತ್ತು ಸಂಜೆ ಅದನ್ನು ಹೊರಗೆ ತೆಗೆಯಿರಿ. ಒಂದು ವಿಷಯಕ್ಕೆ ಅರ್ಧ ಗಂಟೆ ಸಾಕು.

ಮೊದಲು ಒಳಗೆ ಹಾಕಿರುವ ಅಂಕಗಳನ್ನೆಲ್ಲ ನೀವೇ ಕೂಡಿಸಿ. ಕೊನೆಗೆ ಕಟ್ಟಿದ ಹೆಚ್ಚುವರಿ ಹಾಳೆಯನ್ನೂ ಬಿಡಬೇಡಿ, ತಿದ್ದುವಾಗ ಕಣ್ಣುತಪ್ಪುವುದು ಸಾಮಾನ್ಯವಾಗಿ ಅಲ್ಲೇ. ಲೆಕ್ಕ ತಾಳೆಯಾಗದಿದ್ದರೆ ಸಂಕೋಚವಿಲ್ಲದೆ ಬಂದು ತೋರಿಸಿ.

80ಕ್ಕೆ 52 ಬಂದಿದೆ ಅಂದುಕೊಳ್ಳಿ. ಹೋದದ್ದು 28. ಈ 28 ಒಂದೇ ಜಾತಿಯದಲ್ಲ. ಅಂಕ ಹೋದ ಪ್ರತಿ ಜಾಗದಲ್ಲೂ ಪೆನ್ಸಿಲಿನಿಂದ ಒಂದು ಅಕ್ಷರ ಬರೆಯಿರಿ. ವಿಷಯವೇ ಗೊತ್ತಿರಲಿಲ್ಲವಾದರೆ ‘ಗೊ’. ಪ್ರಶ್ನೆಯನ್ನು ಸರಿಯಾಗಿ ಓದಿರಲಿಲ್ಲವಾದರೆ ‘ಓ’. ಗೊತ್ತಿದ್ದೂ ಕೂಡುವುದೋ ಕಳೆಯುವುದೋ ತಪ್ಪಿದ್ದರೆ ‘ಲೆ’. ಗೊತ್ತಿದ್ದದ್ದನ್ನು ಪೂರ್ತಿ ಬರೆಯದೆ ಬಿಟ್ಟಿದ್ದರೆ ‘ಬಿ’.

ಗಣಿತದಲ್ಲಿ ಒಂದು ಲೆಕ್ಕವಿತ್ತು: ಸಿಲಿಂಡರಿನ ವ್ಯಾಸ 14 ಸೆಂ.ಮೀ., ಎತ್ತರ 10 ಸೆಂ.ಮೀ., ಘನಫಲ ಎಷ್ಟು? ಅನೇಕರ ಉತ್ತರ 6160. ಸೂತ್ರ πr²h ಸರಿಯಾಗಿದೆ, ಗುಣಾಕಾರವೂ ಸರಿಯಾಗಿದೆ. ಆದರೆ r ಇರುವಲ್ಲಿ 7 ಹಾಕದೆ 14 ಹಾಕಿದ್ದಾರೆ. ತ್ರಿಜ್ಯ ಎರಡರಷ್ಟಾದರೆ ಅದರ ವರ್ಗ ನಾಲ್ಕರಷ್ಟಾಗುತ್ತದೆ, ಹಾಗಾಗಿ 1540 ಹೋಗಿ 6160 ಬಂತು. ಇವರು ಘನಫಲದ ಪಾಠವನ್ನು ಮತ್ತೆ ಓದಿ ಪ್ರಯೋಜನವಿಲ್ಲ, ಇದು ‘ಓ’. ಪ್ರಶ್ನೆಯಲ್ಲಿ ‘ವ್ಯಾಸ’ ಕಂಡ ಕೂಡಲೇ ಅಡಿಗೆರೆ ಎಳೆದು, ಪಕ್ಕದಲ್ಲೇ r = 7 ಎಂದು ಬರೆದುಕೊಳ್ಳುವುದು ಇದಕ್ಕೆ ಮದ್ದು. ಇನ್ನು ಕೆಲವರು 1540 ಬರೆದು ಘನ ಸೆಂ.ಮೀ. ಬಿಟ್ಟಿದ್ದಾರೆ. ಅದು ‘ಬಿ’. ನೇರವಾಗಿ ಉತ್ತರ ಮಾತ್ರ ಬರೆದವರಿಗೂ ಒಂದು ಮಾತು: ಹಂತ ಬರೆದಿದ್ದರೆ, ಕೊನೆಯ ಉತ್ತರ ತಪ್ಪಾದರೂ ಸೂತ್ರಕ್ಕೆ, ಬೆಲೆ ಹಾಕಿದ್ದಕ್ಕೆ ಅಂಕ ಸಿಗುತ್ತದೆ. ಬರೆಯದಿದ್ದರೆ ನಾವು ಕೊಡಬೇಕೆಂದರೂ ಕೊಡಲು ಏನೂ ಇರುವುದಿಲ್ಲ.

ಸಮಾಜದಲ್ಲಿ ಕೇಳಿದ್ದು 1857ರ ದಂಗೆ ವಿಫಲವಾಗಲು ಕಾರಣಗಳೇನು ಎಂದು. ಒಂದು ಪುಟ ತುಂಬ ಚೆಂದದ ಅಕ್ಷರದಲ್ಲಿ ಬರೆದವರಿದ್ದಾರೆ: ದತ್ತು ಮಕ್ಕಳಿಗೆ ಹಕ್ಕಿಲ್ಲ, ಹೊಸ ಬಂದೂಕಿನ ತೋಟಾ, ಸಿಪಾಯಿಗಳ ಅಸಮಾಧಾನ. ಇವೆಲ್ಲ ದಂಗೆ ಏಳಲು ಕಾರಣ. ಸೋಲಲು ಕಾರಣ ಬೇರೆ: ದಂಗೆ ದೇಶದ ಎಲ್ಲ ಕಡೆ ಹಬ್ಬಲಿಲ್ಲ, ಒಂದೇ ನಾಯಕತ್ವವಿರಲಿಲ್ಲ, ಹಲವು ಸಂಸ್ಥಾನದ ರಾಜರು ಬ್ರಿಟಿಷರ ಪರ ನಿಂತರು. ಓದಿಕೊಂಡು ಬಂದದ್ದನ್ನು ನೋಡಿದ ಖುಷಿಯಲ್ಲಿ ‘ವಿಫಲ’ ಎಂಬ ಪದ ಕಣ್ಣಿಗೆ ಬೀಳಲಿಲ್ಲ. ಎಸ್ಎಸ್ಎಲ್‌ಸಿ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಲೆಂದೇ ಮೊದಲ 15 ನಿಮಿಷ ಕೊಡುವುದು ಸುಮ್ಮನೆ ಅಲ್ಲ.

ಅಕ್ಷರಗಳನ್ನೆಲ್ಲ ಹಾಕಿದ ಮೇಲೆ ಯಾವುದರಲ್ಲಿ ಎಷ್ಟು ಅಂಕ ಹೋಯಿತು ಎಂದು ಕೂಡಿಸಿ, ಪೇಪರಿನ ಹಿಂಬದಿಯಲ್ಲಿ ಬರೆಯಿರಿ. ಇಬ್ಬರಿಗೂ 52 ಬಂದಿರಬಹುದು. ಒಬ್ಬರದು 20 ‘ಗೊ’, ಇನ್ನೊಬ್ಬರದು 20 ‘ಓ’ ಮತ್ತು ‘ಲೆ’. ಇವರಿಬ್ಬರೂ ಮುಂದೆ ಮಾಡಬೇಕಾದ ಕೆಲಸ ಒಂದೇ ಅಲ್ಲ. ‘ಗೊ’ ಹೆಚ್ಚಿದ್ದರೆ ಆ ಪಾಠಕ್ಕೇ ವಾಪಸ್ ಹೋಗಬೇಕು. ಒಂದು ಎಚ್ಚರಿಕೆ: ಗೊತ್ತಿಲ್ಲದ್ದಕ್ಕೆಲ್ಲ ‘ಲೆ’ ಹಾಕಿ ಸಮಾಧಾನ ಮಾಡಿಕೊಳ್ಳಬೇಡಿ. ‘ಅಯ್ಯೋ, ಗೊತ್ತಿತ್ತು ಸಾರ್’ ಅನ್ನುವವರು ಪುಸ್ತಕ ಮುಚ್ಚಿ ಅದೇ ಲೆಕ್ಕ ಮಾಡಲಿ. ಬಂದರೆ ‘ಲೆ’, ಬರದಿದ್ದರೆ ‘ಗೊ’.

ಜಾಣರ ಪೇಪರ್ ನೋಡಿ ಸರಿಯುತ್ತರ ಇಳಿಸಿಕೊಳ್ಳುವುದರಿಂದ ಕೈಗೆ ಮಾತ್ರ ಕೆಲಸ. ಉತ್ತರ ಕಣ್ಣೆದುರು ಇದ್ದಾಗ ಎಲ್ಲವೂ ಅರ್ಥವಾದ ಹಾಗೇ ಅನ್ನಿಸುತ್ತದೆ. ಅರ್ಥ ಮಾಡಿಕೊಂಡು, ಮುಚ್ಚಿಟ್ಟು, ಬೇರೆ ಹಾಳೆಯಲ್ಲಿ ಮಾಡಿ. ಮೂರ್ನಾಲ್ಕು ದಿನ ಬಿಟ್ಟು ಅದನ್ನೇ ಇನ್ನೊಮ್ಮೆ ಮಾಡಿ. ಆಗಲೂ ಬಂದರೆ ಪೆನ್ಸಿಲಿನ ಅಕ್ಷರ ಅಳಿಸಿ.

ನಮ್ಮ ಹತ್ತಿರ ಬಂದು ‘ಯಾಕೆ ಕಟ್ ಮಾಡಿದ್ರಿ’ ಎಂದು ಕೇಳಬಹುದು, ತಪ್ಪಿಲ್ಲ. ‘ಇದಕ್ಕೆ ಪೂರ್ತಿ ಅಂಕ ಬರಬೇಕಾದರೆ ಇನ್ನೇನು ಬರೆಯಬೇಕಿತ್ತು’ ಎಂದು ಕೇಳಿದರೆ ನಿಮಗೆ ಹೆಚ್ಚು ಸಿಗುತ್ತದೆ.

ಸೋಮವಾರ ಮೊದಲ ಪೀರಿಯಡ್‌ಗೆ ಪೋಷಕರ ಸಹಿಯ ಜೊತೆ ಪೇಪರ್ ತನ್ನಿ. ನಾನು ಮುಂದಿನ ಅಂಕಿ ನೋಡುವುದಿಲ್ಲ, ಹಿಂಬದಿಯಲ್ಲಿ ನೀವು ಬರೆದ ಲೆಕ್ಕ ನೋಡುತ್ತೇನೆ. ಈಗ ಎಂಟನೇ ತರಗತಿಯವರು ಮೊದಲು, ಸಾಲಾಗಿ ಹೊರಡಿ.