ಬಾಯಿ, ಎದೆ, ಗರ್ಭಕೋಶದ ಕ್ಯಾನ್ಸರ್: ಬೇಗ ಗುರುತಿಸುವುದು ಹೇಗೆ

ತಪಾಸಣೆಗೆ ಬಂದ ಎಲ್ಲರಿಗೂ ನಮಸ್ಕಾರ. ಎಲೆಯಡಿಕೆ, ಹೊಗೆಸೊಪ್ಪು ಜಗಿಯುವವರು ಮೊದಲು ಕೇಳಿ. ತಿಂಗಳಿಗೊಮ್ಮೆ ಬಾಯಿ ಮುಕ್ಕಳಿಸಿ, ಕನ್ನಡಿ, ಟಾರ್ಚ್ ಹಿಡಿದು ಕೆನ್ನೆಯ ಒಳಗೆ, ನಾಲಿಗೆಯ ಅಂಚು, ಅಡಿ ನೋಡಿಕೊಳ್ಳಿ. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, 2 ವಾರ ಕಳೆದರೂ ಮಾಯದ ಹುಣ್ಣು ಕಂಡರೆ ತೋರಿಸಿ. 3 ಬೆರಳು ಒಂದರ ಮೇಲೊಂದು ಇಟ್ಟು ಬಾಯಿಗೆ ಹಾಕಿ ನೋಡಿ. ಹೋಗದಿದ್ದರೆ ಅಡಿಕೆಯಿಂದ ಒಳಚರ್ಮ ಬಿಗಿದಿರಬಹುದು. ಕ್ಯಾನ್ಸರ್ ಬರಲು ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಸಾಕು ಮಾರಾಯ್ರೆ, ನಮ್ಮದೇ ತೋಟದ್ದಾದರೂ!

ಅಕ್ಕಂದಿರೇ, ಎದೆಯ ಗಂಟು ಶುರುವಿಗೆ ಹೆಚ್ಚಾಗಿ ನೋಯುವುದಿಲ್ಲ, ಅದಕ್ಕೇ ತಡವಾಗುವುದು. ಮುಟ್ಟು ಮುಗಿದ ಕೆಲವು ದಿನಕ್ಕೆ, ಬೆರಳಿನ ತುದಿಯಿಂದಲ್ಲ, ಚಪ್ಪಟೆ ಭಾಗದಿಂದ ಸುತ್ತುಸುತ್ತಾಗಿ ಕಂಕುಳವರೆಗೆ ಒತ್ತಿ ನೋಡಿ. ತೊಟ್ಟು ಹೊಸದಾಗಿ ಒಳಸರಿದರೆ, ರಕ್ತ ಬಂದರೆ, ಚರ್ಮ ಕಿತ್ತಳೆ ಸಿಪ್ಪೆಯಂತಾದರೆ ಕಾಯಬೇಡಿ.

ಮುಟ್ಟು ನಿಂತು ವರ್ಷವಾದ ಮೇಲೆ ಅಥವಾ ಗಂಡಹೆಂಡತಿ ಸೇರಿದ ಮೇಲೆ ರಕ್ತ ಕಂಡರೆ "ಉಷ್ಣ" ಎಂದು ಎಳನೀರು ಕುಡಿದು ಕೂರಬೇಡಿ. ಮಲದಲ್ಲಿ ರಕ್ತವೂ ಹಾಗೆಯೇ, ಎಲ್ಲವೂ ಮೂಲವ್ಯಾಧಿಯಲ್ಲ. ಇವೆಲ್ಲ ಕ್ಯಾನ್ಸರೇ ಅಂತಲೂ ಅಲ್ಲ, ಪರೀಕ್ಷೆ ಬೇಕು, ಅಷ್ಟೆ.

30 ದಾಟಿದ ಹೆಂಗಸರು ಬಲಗಡೆಯ ಕೋಣೆಗೆ ಬನ್ನಿ, ಒಳಗೆ ನರ್ಸಮ್ಮ ಇದ್ದಾರೆ. ಗರ್ಭಕೋಶದ ಬಾಯಿಗೆ ವಿನೆಗರ್‌ನಂಥ ದ್ರಾವಣ ಹಚ್ಚಿ 1 ನಿಮಿಷ ನೋಡುತ್ತಾರೆ, ಸ್ವಲ್ಪ ಉರಿಯಬಹುದು. ಮುಟ್ಟಾದವರು ಇವತ್ತು ಹೆಸರು ಬರೆಸಿ, ಮುಗಿದ ಮೇಲೆ ಬನ್ನಿ.