ಯಾವ ಹಂತ? ಯಾವ ಕೊರಗು? ಗ್ರಾಹಕ ವರ್ತನೆಯ ಸನ್ನಿವೇಶ ಪ್ರಶ್ನೆಗಳು

ಬಿ.ಕಾಂ. ವಿದ್ಯಾರ್ಥಿಗಳೇ,

ಅಗತ್ಯ ಗುರುತಿಸುವುದು, ಮಾಹಿತಿ ಹುಡುಕುವುದು, ಪರ್ಯಾಯಗಳನ್ನು ತೂಗುವುದು, ಖರೀದಿ ನಿರ್ಧಾರ, ಖರೀದಿ ನಂತರದ ವರ್ತನೆ. ಈ ಐದು ಹಂತ ನಿಮಗೆಲ್ಲ ಬಾಯಿಪಾಠ. ಆದರೂ ಕಳೆದ ಕಿರುಪರೀಕ್ಷೆಯಲ್ಲಿ ಸನ್ನಿವೇಶ ಕೊಟ್ಟ ಕೂಡಲೇ ಅರ್ಧ ಕ್ಲಾಸು ಎಡವಿತು. ಎಡವಿದ್ದೂ ಒಂದೇ ಕಲ್ಲಿಗೆ. ಸನ್ನಿವೇಶದಲ್ಲಿ ಯಾರಾದರೂ ತಲೆ ಕೆರೆದುಕೊಳ್ಳುತ್ತಿದ್ದರೆ ಸಾಕು, ‘ಕಾಗ್ನಿಟಿವ್ ಡಿಸ್ಸೋನೆನ್ಸ್’ ಎಂದು ಬರೆದುಬಿಟ್ಟಿದ್ದೀರಿ. ಹಾಗಾಗಿ ಈ ಹಾಳೆ. ಮೊದಲು ಉತ್ತರವನ್ನು ಕೈಯಿಂದ ಮುಚ್ಚಿಕೊಂಡು ಓದಿ.

ಪ್ರಶ್ನೆ 1. ಗಂಗಾವತಿಯ ಶಾರದಮ್ಮನ ಮನೆ. ಏಪ್ರಿಲ್ ತಿಂಗಳು. ರಾತ್ರಿ ಹನ್ನೊಂದಾದರೂ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿದೆ. ಮಕ್ಕಳು ಹಾಸಿಗೆ ಎತ್ತಿಕೊಂಡು ಮಾಳಿಗೆಗೆ ಹೊರಟರು. “ಈ ಸಲ ಒಂದು ಕೂಲರ್ ತರಲೇಬೇಕು ನೋಡ್ರಿ” ಎಂದು ಆಕೆ ಗಂಡನಿಗೆ ಹೇಳಿದಳು. ಯಾವ ಹಂತ?

ಉತ್ತರ: ಅಗತ್ಯ ಗುರುತಿಸುವುದು. ಈಗ ಇರುವ ಸ್ಥಿತಿಗೂ ಬೇಕಾದ ಸ್ಥಿತಿಗೂ ನಡುವಿನ ಅಂತರ ಆಕೆಗೆ ಕಂಡಿದೆ, ಅಷ್ಟೇ. ಯಾವ ಕಂಪನಿ, ಎಷ್ಟು ಲೀಟರ್ ಟ್ಯಾಂಕು ಎಂಬ ಮಾತೇ ಇನ್ನೂ ಬಂದಿಲ್ಲ. ಇಲ್ಲಿ ಪ್ರಚೋದನೆ ಮೈಯಿಂದಲೇ ಬಂತು, ಅದು ಒಳಗಿನದು. ಪಕ್ಕದ ಮನೆಗೆ ಕೂಲರ್ ಇಳಿಯುವುದನ್ನು ನೋಡಿ ಆಸೆ ಹುಟ್ಟಿದ್ದರೆ ಅದು ಹೊರಗಿನ ಪ್ರಚೋದನೆ.

ಪ್ರಶ್ನೆ 2. ಸಿಂಧನೂರಿನ ಹತ್ತಿರದ ಭತ್ತದ ರೈತ ಬಸವರಾಜನಿಗೆ ಟ್ರ್ಯಾಕ್ಟರ್ ಬೇಕು. ಕಾರಟಗಿಯಲ್ಲಿರುವ ಭಾವನಿಗೆ ಫೋನ್ ಹಚ್ಚಿದ. ಶೋರೂಮಿಗೆ ಹೋಗಿ ಬಣ್ಣದ ಚೀಟಿ ತಂದ. ಯೂಟ್ಯೂಬಿನಲ್ಲಿ ಯಾರೋ ರೈತರು ಮಾಡಿದ ಹೋಲಿಕೆ ವಿಡಿಯೊ ನೋಡಿದ. ಪಕ್ಕದ ಹೊಲದವನ ಗಾಡಿಯನ್ನು ಕೆಸರುಗದ್ದೆಯಲ್ಲಿ ಎರಡು ಸುತ್ತು ತಾನೇ ಹೊಡೆದು ನೋಡಿದ. ಹಂತ ಯಾವುದು? ಮಾಹಿತಿಯ ಮೂಲಗಳನ್ನು ಬೇರೆ ಬೇರೆ ಮಾಡಿ.

ಉತ್ತರ: ಮಾಹಿತಿ ಹುಡುಕುವುದು. ಭಾವ ವೈಯಕ್ತಿಕ ಮೂಲ. ಶೋರೂಮ್ ವಾಣಿಜ್ಯ ಮೂಲ. ವಿಡಿಯೊ ಸಾರ್ವಜನಿಕ ಮೂಲ. ತಾನೇ ಓಡಿಸಿದ್ದು ಅನುಭವದ ಮೂಲ. ವಿಡಿಯೊ ವಿಷಯದಲ್ಲಿ ಮಾತ್ರ ಎಚ್ಚರ: ಅದನ್ನು ಕಂಪನಿಯವರೇ ದುಡ್ಡು ಕೊಟ್ಟು ಮಾಡಿಸಿದ್ದರೆ ಅದೂ ವಾಣಿಜ್ಯ ಮೂಲವೇ. ಮೊಬೈಲಿನಲ್ಲಿ ಬಂತು ಎಂದು ಮೂಲ ಬದಲಾಗುವುದಿಲ್ಲ. ಯಾರು ಹೇಳುತ್ತಿದ್ದಾರೆ ಎನ್ನುವುದನ್ನು ನೋಡಿ.

ಪ್ರಶ್ನೆ 3. ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಲೆಕ್ಕ ಬರೆಯುವ ರೇಣುಕಾ ಸ್ಕೂಟರ್ ತೆಗೆದುಕೊಳ್ಳಬೇಕು. ಎರಡು ಗಾಡಿ ಮನಸ್ಸಿನಲ್ಲಿವೆ: ಕೆಂಪು, ನೀಲಿ. ಮೈಲೇಜಿಗೆ 5, ಸರ್ವಿಸ್ ಸೆಂಟರ್ ಹತ್ತಿರ ಇರುವುದಕ್ಕೆ 3, ಅಂದಕ್ಕೆ 2 ಎಂದು ತೂಕ ಇಟ್ಟಳು. ಹತ್ತಕ್ಕೆ ಅಂಕ ಹಾಕಿದಳು. ಕೆಂಪು ಗಾಡಿಗೆ ಕ್ರಮವಾಗಿ 8, 5, 9. ನೀಲಿ ಗಾಡಿಗೆ 7, 9, 5. ಯಾವ ಹಂತ? ಆಕೆ ಯಾವುದನ್ನು ಆರಿಸುತ್ತಾಳೆ?

ಉತ್ತರ: ಪರ್ಯಾಯಗಳನ್ನು ತೂಗುವುದು. ಲೆಕ್ಕ ಹೀಗೆ:

ಕೆಂಪು: (5 × 8) + (3 × 5) + (2 × 9) = 40 + 15 + 18 = 73
ನೀಲಿ: (5 × 7) + (3 × 9) + (2 × 5) = 35 + 27 + 10 = 72

ಕೆಂಪು ಗೆದ್ದಿತು. ಒಂದೇ ಒಂದು ಅಂಕದಿಂದ. ಈ ಒಂದು ಅಂಕವನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ರೇಣುಕಾ ಮತ್ತೆ ಬರುತ್ತಾಳೆ. ಬದುಕಿನಲ್ಲಿ ಯಾರೂ ಹೀಗೆ ಕಾಗದ ಹಿಡಿದು ಕೂರುವುದಿಲ್ಲ, ನಿಜ. ಮನಸ್ಸಿನೊಳಗೇ ಇಂಥದ್ದೊಂದು ಅಂದಾಜು ನಡೆಯುತ್ತದೆ.

ಪ್ರಶ್ನೆ 4. ಬಸವರಾಜ ಟ್ರ್ಯಾಕ್ಟರ್ ಯಾವುದೆಂದು ಗಟ್ಟಿ ಮಾಡಿಕೊಂಡ. ಸೋಮವಾರ ಮುಂಗಡ ಕಟ್ಟುವುದು ಎಂದಾಯಿತು. ಭಾನುವಾರ ರಾತ್ರಿ ಅಕಾಲ ಮಳೆ ಬಂತು. ಒಣಗಲು ಹರಡಿದ್ದ ಭತ್ತ ತೊಯ್ದುಹೋಯಿತು. “ಮುಂದಿನ ಬೆಳಿಗೆ ನೋಡೋಣ” ಎಂದು ಸುಮ್ಮನಾದ. ಇದು ಮೂರನೇ ಹಂತವೋ ನಾಲ್ಕನೆಯದೋ?

ಉತ್ತರ: ನಾಲ್ಕನೆಯದು. ಅವನು ಮತ್ತೆ ತೂಗುತ್ತಿಲ್ಲ, ಆಯ್ಕೆ ಮುಗಿದಿದೆ. ಆದರೆ ಕೊಳ್ಳುವ ಇರಾದೆ ಬೇರೆ, ಕೊಳ್ಳುವ ನಿರ್ಧಾರ ಬೇರೆ. ಇವೆರಡರ ನಡುವೆ ಎರಡು ಅಡ್ಡಿ ಬರಬಹುದು ಎಂದು ಕಾಟ್ಲರ್ ಹೇಳುತ್ತಾರೆ: ಬೇರೆಯವರ ಅಭಿಪ್ರಾಯ ಮತ್ತು ಎಣಿಸದೆ ಬಂದ ಪರಿಸ್ಥಿತಿ. ಮಳೆ ಎರಡನೆಯದು. ಮಳೆಯ ಬದಲು ಅವನ ತಂದೆ “ಆ ಗಾಡಿ ಬ್ಯಾಡ” ಎಂದಿದ್ದರೆ ಮೊದಲನೆಯದು.

ಪ್ರಶ್ನೆ 5. ಎರಡು ಜೀನ್ಸ್ ಪ್ಯಾಂಟು ಹಿಡಿದುಕೊಂಡು ಒಬ್ಬ ಹುಡುಗ ಬಳ್ಳಾರಿಯ ಅಂಗಡಿಯಲ್ಲಿ ಅರ್ಧ ಗಂಟೆಯಿಂದ ನಿಂತಿದ್ದಾನೆ. ಇದೋ, ಅದೋ? ಗೆಳೆಯನಿಗೆ ಫೋಟೊ ಕಳಿಸಿದ. ಬೆವರು ಬರುತ್ತಿದೆ. ಇದು ಡಿಸ್ಸೋನೆನ್ಸ್ ಹೌದೋ ಅಲ್ಲವೋ?

ಉತ್ತರ: ಅಲ್ಲ. ಅಲ್ಲವೇ ಅಲ್ಲ. ಇನ್ನೂ ದುಡ್ಡು ಕೊಟ್ಟಿಲ್ಲ. ಬೇಡ ಎಂದರೆ ಎರಡನ್ನೂ ಇಟ್ಟು ಹೊರಗೆ ನಡೆಯಬಹುದು. ಇದು ಮೂರನೇ ಹಂತದ ತೊಳಲಾಟ. ಖರೀದಿ ನಂತರದ ಡಿಸ್ಸೋನೆನ್ಸಿಗೆ ಹೆಸರಿನಲ್ಲೇ ‘ನಂತರ’ ಇದೆ, ಅಲ್ವಾ? ನಿಮ್ಮಲ್ಲಿ ಹೆಚ್ಚಿನವರು ಅಂಕ ಕಳೆದುಕೊಂಡಿದ್ದು ಇಲ್ಲೇ. ಸನ್ನಿವೇಶ ಓದುವಾಗ ಮೊದಲು ಹುಡುಕಬೇಕಾದದ್ದು ಚಿಂತೆಯನ್ನಲ್ಲ, ಬಿಲ್ಲನ್ನು. ಬಿಲ್ಲು ಆಗಿದೆಯೋ ಇಲ್ಲವೋ?

ಪ್ರಶ್ನೆ 6. ರೇಣುಕಾ ಶುಕ್ರವಾರ ಪೂಜೆ ಮಾಡಿಸಿ ಕೆಂಪು ಸ್ಕೂಟರ್ ಮನೆಗೆ ತಂದಳು. ಗಾಡಿ ಚೆನ್ನಾಗಿ ಓಡುತ್ತಿದೆ, ಯಾವ ತೊಂದರೆಯೂ ಇಲ್ಲ. ಸೋಮವಾರ ಕೆಲಸಕ್ಕೆ ಹೋದರೆ ಜೊತೆಯವಳು ನೀಲಿ ಗಾಡಿ ತಂದಿದ್ದಾಳೆ. ಅದರ ಸರ್ವಿಸ್ ಸೆಂಟರ್ ಅವರ ಓಣಿಯಲ್ಲೇ ಇದೆಯಂತೆ. ಅಂದಿನಿಂದ ರೇಣುಕಾಗೆ ಒಳಗೊಳಗೇ ಕೊರೆತ. ನೀಲಿ ಗಾಡಿಯ ಜಾಹೀರಾತು ಬಂದರೆ ಬೆರಳಿನಿಂದ ಮೇಲೆ ತಳ್ಳುತ್ತಾಳೆ. ಕೆಂಪು ಗಾಡಿಯ ವಿಡಿಯೊ ಮಾತ್ರ ಪೂರ್ತಿ ನೋಡುತ್ತಾಳೆ. ಮನೆಗೆ ಬಂದವರಿಗೆಲ್ಲ ಒಂದೇ ಪ್ರಶ್ನೆ: “ಬಣ್ಣ ಚೊಲೊ ಐತಲ್ಲ?” ಇದೇನು? ಯಾಕೆ ಬಂತು? ಆಕೆ ಅದನ್ನು ಹೇಗೆ ಕಡಿಮೆ ಮಾಡಿಕೊಳ್ಳುತ್ತಿದ್ದಾಳೆ?

ಉತ್ತರ: ಇದೇ ಡಿಸ್ಸೋನೆನ್ಸ್. ಈ ಪ್ರಶ್ನೆಗೆ ಅಂಕ ಜಾಸ್ತಿ, ಹಾಗಾಗಿ ನಿಧಾನವಾಗಿ ಬರೆಯಿರಿ.

ಲಿಯಾನ್ ಫೆಸ್ಟಿಂಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1957ರಲ್ಲಿ ಈ ಸಿದ್ಧಾಂತವನ್ನು ಪುಸ್ತಕವಾಗಿ ತಂದರು. ಒಂದಕ್ಕೊಂದು ಹೊಂದದ ಎರಡು ತಿಳುವಳಿಕೆ ಒಂದೇ ತಲೆಯಲ್ಲಿ ಇದ್ದರೆ ಮನಸ್ಸಿಗೆ ಇರಿಸುಮುರಿಸು. ಅದನ್ನು ಇಳಿಸಿಕೊಳ್ಳುವ ತನಕ ನೆಮ್ಮದಿ ಇಲ್ಲ. ರೇಣುಕಾಳ ತಲೆಯಲ್ಲಿರುವ ಎರಡು: ‘ನಾನು ಕೆಂಪು ಗಾಡಿ ತೆಗೆದುಕೊಂಡೆ’ ಮತ್ತು ‘ನೀಲಿ ಗಾಡಿಯಲ್ಲೂ ಒಳ್ಳೆಯದು ಇದೆ’.

ಯಾಕೆ ಬಂತು? ಬೆಲೆ ದೊಡ್ಡದು. ನೋಂದಣಿ ಆದ ಗಾಡಿಯನ್ನು ಸುಮ್ನೆ ವಾಪಸ್ ಕೊಡಲಾಗದು. ಯಾರ ಬಲವಂತವೂ ಇಲ್ಲದೆ ತಾನೇ ಆರಿಸಿದ್ದು. ಎಲ್ಲಕ್ಕಿಂತ ಹೆಚ್ಚಾಗಿ, ಬಿಟ್ಟದ್ದು ಕೊಂಡದ್ದಕ್ಕೆ ತೀರ ಹತ್ತಿರವಿತ್ತು. 73, 72 ನೆನಪಿದೆಯೇ? ನೀಲಿ ಗಾಡಿಗೆ 40 ಬಂದಿದ್ದರೆ ಆಕೆ ಅದನ್ನು ತಿರುಗಿಯೂ ನೋಡುತ್ತಿರಲಿಲ್ಲ. ಜೊತೆಯವಳ ಮಾತು ಚುಚ್ಚಿದ ಜಾಗವನ್ನೂ ಗಮನಿಸಿ: ಕೆಂಪು ಗಾಡಿಗೆ ಬರೀ 5 ಬಿದ್ದಿದ್ದ ಸರ್ವಿಸ್ ಸೆಂಟರ್.

ಹೇಗೆ ಇಳಿಸಿಕೊಳ್ಳುತ್ತಿದ್ದಾಳೆ? ತನ್ನ ಆಯ್ಕೆ ಸರಿ ಎನ್ನುವ ಮಾಹಿತಿಯನ್ನು ಹುಡುಕುತ್ತಿದ್ದಾಳೆ, ತಪ್ಪು ಎನ್ನುವುದನ್ನು ದೂರ ಇಡುತ್ತಿದ್ದಾಳೆ, ಬೇರೆಯವರ ಬಾಯಿಂದ ‘ಹೌದು’ ಅನ್ನಿಸಿಕೊಳ್ಳುತ್ತಿದ್ದಾಳೆ. 1957ರಲ್ಲೇ ಅಮೆರಿಕದಲ್ಲಿ ಹೊಸ ಕಾರು ಕೊಂಡವರ ಅಧ್ಯಯನವೊಂದು ಪ್ರಕಟವಾಯಿತು. ತಾವು ಕೊಂಡ ಕಾರಿನ ಜಾಹೀರಾತನ್ನೇ ಅವರು ಹೆಚ್ಚು ಓದುತ್ತಿದ್ದರು. ಕೊಂಡಾಗಿದೆ, ಇನ್ನೇಕೆ ಜಾಹೀರಾತು ಎಂದು ನಮಗೆ ಅನ್ನಿಸುತ್ತದೆ. ಅವರಿಗೆ ಬೇಕಿದ್ದದ್ದು ಮಾಹಿತಿಯಲ್ಲ, ಸಮಾಧಾನ. ಒಂದು ಮಾತು: ಜಾಹೀರಾತು ಅಂದ ಕೂಡಲೇ ‘ಮಾಹಿತಿ ಹುಡುಕುವ ಹಂತ’ ಎಂದು ಬರೆದೀರಿ ಮತ್ತೆ!

ಪ್ರಶ್ನೆ 7. ಶಾರದಮ್ಮ ಕೂಲರ್ ತಂದಳು. ಮೂರನೇ ದಿನಕ್ಕೆ ಮೋಟರ್ ನೀರು ಎತ್ತುವುದನ್ನು ಬಿಟ್ಟಿತು. ಬಿಲ್ ಹಿಡಿದುಕೊಂಡು ಅಂಗಡಿಗೆ ಹೋಗಿ, “ದುಡ್ಡು ವಾಪಸ್ ಕೊಡ್ರಿ, ಇಲ್ಲ ಬ್ಯಾರೆ ಕೊಡ್ರಿ” ಎಂದು ಕೂತಳು. ಡಿಸ್ಸೋನೆನ್ಸೇ?

ಉತ್ತರ: ಅಲ್ಲ, ಇದು ಅತೃಪ್ತಿ. ಹಂತ ಐದನೆಯದೇ, ಆದರೆ ಕೊರಗು ಬೇರೆ. ಆಕೆಗೆ ತನ್ನ ಆಯ್ಕೆಯ ಮೇಲೆ ಅನುಮಾನವಿಲ್ಲ, ವಸ್ತು ಕೆಟ್ಟಿದೆ. ನಿರೀಕ್ಷೆ ಒಂದಿತ್ತು, ಕೆಲಸ ಅದಕ್ಕಿಂತ ಕೆಳಗಾಯಿತು. ರೇಣುಕಾಳ ಗಾಡಿ ಸರಿಯಾಗಿಯೇ ಇತ್ತು, ಮನಸ್ಸು ಸರಿಯಿರಲಿಲ್ಲ. ಇಲ್ಲಿ ಮನಸ್ಸು ಸರಿ ಇದೆ, ಕೂಲರ್ ಸರಿಯಿಲ್ಲ. ಅತೃಪ್ತಿಗೆ ಮದ್ದು ರಿಪೇರಿ, ಬದಲಿ ಅಥವಾ ಹಣ ವಾಪಸ್. ಅಂಗಡಿಯವರು ಕೇಳದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಡಿಸ್ಸೋನೆನ್ಸ್ ಬಂತು ಎಂದು ಯಾವ ಆಯೋಗಕ್ಕೂ ಹೋಗಲಾಗದು.

ಪ್ರಶ್ನೆ 8. ಕೊಪ್ಪಳದ ತಂದೆಯೊಬ್ಬರು ಮಗನನ್ನು ಕೇಳದೆಯೇ ಅವನಿಗೆ ಮೊಬೈಲ್ ತಂದರು. ಮಗನಿಗೆ ಅದು ಇಷ್ಟವಾಗಲಿಲ್ಲ, ಮುಖ ಊದಿಸಿಕೊಂಡ. ತಂದೆಗೆ ಆ ರಾತ್ರಿ ನಿದ್ದೆಯಿಲ್ಲ: ‘ಇನ್ನೊಂದನ್ನೇ ತರಬೇಕಿತ್ತೇನೋ.’ ಡಿಸ್ಸೋನೆನ್ಸ್ ಯಾರಿಗೆ?

ಉತ್ತರ: ತಂದೆಗೆ. ಆರಿಸಿದವರು ಅವರು. ಮಗನಿಗೆ ಇರುವುದು ಬರೀ ಸಿಟ್ಟು.

ಪ್ರಶ್ನೆ 9. ರಾಯಚೂರಿನ ಅಂಗಡಿಯವರೊಬ್ಬರು ನಿನ್ನೆ ದೊಡ್ಡ ಟಿವಿ ಮಾರಿದ್ದಾರೆ. ಕೊಂಡವರ ಅನುಮಾನ ಇಳಿಸಲು ಯಾವುದು ಸರಿ?
ಅ) ‘ಅದೇ ಟಿವಿ ಈ ವಾರ 2,000 ರೂಪಾಯಿ ಕಡಿಮೆ’ ಎಂದು ಎಲ್ಲರಿಗೂ ಮೆಸೇಜ್ ಕಳಿಸುವುದು
ಆ) ಎರಡು ದಿನ ಬಿಟ್ಟು ಫೋನ್ ಮಾಡಿ, “ಒಳ್ಳೆಯ ಮಾಡೆಲ್ ಆರಿಸೀರಿ, ವಾರಂಟಿ ಕಾರ್ಡ್ ಜೋಪಾನ, ಏನಾದರೂ ತಿಳಿಯದಿದ್ದರೆ ಹುಡುಗನನ್ನು ಕಳಿಸ್ತೀನಿ” ಎನ್ನುವುದು
ಇ) ಇನ್ನೂ ದೊಡ್ಡ ಟಿವಿಯ ಚೀಟಿ ಮನೆಗೆ ಕಳಿಸುವುದು

ಉತ್ತರ: ಆ. ಉಳಿದ ಎರಡೂ ಗಾಯಕ್ಕೆ ಉಪ್ಪು. ಕಳೆದ ಸಲ ‘ಅ’ ಬರೆದವರೂ ಇದ್ದರು. ನಿನ್ನೆ ಪೂರ್ತಿ ಬೆಲೆ ಕೊಟ್ಟವರ ಮೊಬೈಲಿಗೂ ಆ ಮೆಸೇಜ್ ಹೋಗುತ್ತದೆ ಎನ್ನುವುದನ್ನು ಯೋಚಿಸಲಿಲ್ಲ.

ಪ್ರಶ್ನೆ 10. ಗವಿಮಠದ ಜಾತ್ರೆ. ಗೆಳೆಯರಿಬ್ಬರು ಮಿರ್ಚಿಯ ವಾಸನೆಗೆ ನಿಂತರು. ಒಂದೊಂದು ಪ್ಲೇಟ್ ತಿಂದು, ಕೈ ಒರೆಸಿಕೊಂಡು ಮುಂದೆ ನಡೆದರು. ಐದೂ ಹಂತಗಳನ್ನು ಇದರಲ್ಲಿ ತೋರಿಸಿ.

ಉತ್ತರ: ತೋರಿಸಲು ಬರುವುದಿಲ್ಲ. ಪ್ರಶ್ನೆಯೇ ನಿಮ್ಮನ್ನು ಬೀಳಿಸಲು ಇಟ್ಟದ್ದು. ಕಡಿಮೆ ಬೆಲೆಯ, ಹೆಚ್ಚು ಯೋಚಿಸದೆ ಕೊಳ್ಳುವ ವಸ್ತುವಿನಲ್ಲಿ ಹಂತಗಳು ಜಿಗಿದುಹೋಗುತ್ತವೆ. ವಾಸನೆಯಿಂದ ಅಗತ್ಯ ಹುಟ್ಟಿತು, ನೇರವಾಗಿ ಖರೀದಿ ಆಯಿತು. ಕಳೆದ ವರ್ಷ ಒಬ್ಬರು ‘ಪಕ್ಕದ ಅಂಗಡಿಯ ಮಿರ್ಚಿ ತಿನ್ನಬೇಕಿತ್ತು ಎಂದು ಅವರಿಗೆ ಡಿಸ್ಸೋನೆನ್ಸ್ ಬಂತು’ ಎಂದು ಎರಡು ಪುಟ ಬರೆದಿದ್ದರು. ಪಕ್ಕದ ಅಂಗಡಿಯಲ್ಲೂ ಒಂದು ಪ್ಲೇಟ್ ತಿಂದರೆ ಮುಗಿಯಿತಲ್ಲ ಎಂದು ಅಂಚಿನಲ್ಲಿ ಬರೆದು, ಅಕ್ಷರ ಚೆನ್ನಾಗಿದ್ದುದಕ್ಕೆ ಅರ್ಧ ಅಂಕ ಕೊಟ್ಟೆ.