ಘಟನಾ ದಾಖಲೆ: ಕೊಡೆ ಸ್ಟ್ಯಾಂಡ್ ಬಳಿ, ಜುಲೈ 14, 2025

ಗೋಪ್ಯ. ದಾಖಲೆ ಸಂಖ್ಯೆ 11/2025-26. ಕೊಡಗು ಜಿಲ್ಲೆಯ ಒಂದು ಪ್ರೌಢಶಾಲೆ. ಬರೆದದ್ದು: ಶಾಲೆಯ ಆಪ್ತ ಸಮಾಲೋಚಕರು, ಜುಲೈ 15, ಸಂಜೆ 4.30. ಹೇಳಿಕೆಗಳನ್ನು ಕೇಳುವಾಗಲೇ ಟಿಪ್ಪಣಿ ಮಾಡಿಕೊಳ್ಳಲಾಗಿದೆ.

ವಿದ್ಯಾರ್ಥಿಗಳನ್ನು ವಿ-2, ವಿ-4, ವಿ-7, ವಿ-9 ಎಂದು ಗುರುತಿಸಲಾಗಿದೆ. ಈ ಅಂಕಿಗಳಿಗೂ ಹಾಜರಿ ಸಂಖ್ಯೆಗೂ ಸಂಬಂಧವಿಲ್ಲ. ಗಂಡೋ ಹೆಣ್ಣೋ ತಿಳಿಯದಿರಲೆಂದು ಎಲ್ಲರಿಗೂ ಬಹುವಚನ ಬಳಸಲಾಗಿದೆ. ತರಗತಿ, ಊರು, ಮನೆಮಾತು, ಪೋಷಕರ ಕೆಲಸ, ಬರುವ ಬಸ್ಸು ಇಲ್ಲಿಲ್ಲ. ಒಂದು ರೂಟಿನಲ್ಲಿ ನಾಲ್ಕೈದು ಮಕ್ಕಳಷ್ಟೇ ಇರುವ ಕಡೆ ಬಸ್ಸಿನ ಹೆಸರೊಂದೇ ಸಾಕು, ಮಗು ಯಾರೆಂದು ಗೊತ್ತಾಗಿಬಿಡುತ್ತದೆ.

ಕಣ್ಣಿಗೆ ಕಂಡದ್ದು: ಜುಲೈ 14, ಸೋಮವಾರ ಮಧ್ಯಾಹ್ನ 2.10ಕ್ಕೆ ವಿ-4 ಒಬ್ಬರೇ ನನ್ನ ಕೊಠಡಿಗೆ ಬಂದರು. ಸಮವಸ್ತ್ರದ ಭುಜ ಮತ್ತು ಬೆನ್ನು ಒದ್ದೆಯಾಗಿದ್ದವು. ಬಲ ಮುಂಗೈಯ ಒಳಬದಿಯಲ್ಲಿ ಸುಮಾರು 3 ಸೆಂ.ಮೀ. ಉದ್ದದ ಕೆಂಪು ಗೀರು, ರಕ್ತವಿರಲಿಲ್ಲ. ಕೈಯಲ್ಲಿದ್ದ ಕಪ್ಪು ಕೊಡೆಯ ಎಂಟು ಕಡ್ಡಿಗಳಲ್ಲಿ ಎರಡು ಬಾಗಿದ್ದವು. ಮೊದಲ ಆರೇಳು ನಿಮಿಷ ವಿ-4 ಮಾತಾಡಲಿಲ್ಲ. ದೈಹಿಕ ಶಿಕ್ಷಕರು ಗೀರನ್ನು ತೊಳೆದು ಔಷಧಿ ಹಚ್ಚಿದರು. ಒಣಗಿದ ಅಂಗಿ ಕೊಡಲಾಯಿತು.

ವಿ-4 ಹೇಳಿದ್ದು: ಬಿಸಿಯೂಟ ಮುಗಿಸಿ ವರಾಂಡದ ಸ್ಟ್ಯಾಂಡಿನಿಂದ ಕೊಡೆ ತೆಗೆಯುವಾಗ ವಿ-7 ಹಿಡಿಯ ತುದಿ ಹಿಡಿದರು. ಇಬ್ಬರೂ ಎಳೆದರು, ಕೈಗೆ ಕಡ್ಡಿ ತಾಗಿತು. ವಿ-7 ಕೊಡೆಯನ್ನು ಮೆಟ್ಟಿಲಿನ ಕೆಳಗಿನ ಚರಂಡಿಗೆ ಎಸೆದರು. ತರಲು ಮಳೆಯಲ್ಲಿ ಇಳಿದಾಗ ವಿ-9 ಮೊಬೈಲಿನಲ್ಲಿ ಫೋಟೊ ತೆಗೆದರು. "ಇದು ಮೂರನೇ ಸಲ ಮಿಸ್. ಮಳೆ ಬಂದ್ರೆ ಸ್ಕೂಲಿಗೆ ಬರೋದೇ ಬೇಡ ಅನ್ಸುತ್ತೆ." ಬರೆದದ್ದನ್ನು ಓದಿ ಹೇಳಿದಾಗ "ಕಿತ್ತುಕೊಂಡರು" ಎಂಬ ನನ್ನ ಪದವನ್ನು ವಿ-4 ಒಪ್ಪಲಿಲ್ಲ. "ನಾನೂ ಎಳೆದೆ" ಎಂದರು, ಹಾಗೇ ತಿದ್ದಲಾಗಿದೆ.

ತಮ್ಮ ಮಾತಿನ ಧಾಟಿಯನ್ನು ಅಣಕಿಸಿ ಕರೆಯುತ್ತಾರೆ ಎಂದೂ ವಿ-4 ಹೇಳಿದ್ದಾರೆ. ಆ ಮಾತು ಕೇಳಿದವರಿಗೆ ಮನೆತನದ ಹಿನ್ನೆಲೆ ತಿಳಿಯುವಂತಿದೆ. ಅದನ್ನು ಇದ್ದಂತೆಯೇ ಬರೆದು, ಲಕೋಟೆ ಮುಚ್ಚಿ ಮುಖ್ಯ ಶಿಕ್ಷಕರಿಗೆ ಕೊಡಲಾಗಿದೆ.

ವಿ-7 ಹೇಳಿದ್ದು (3.00): ಕೊಡೆ ಎಳೆದದ್ದು, ಎಸೆದದ್ದು ನಿಜ. "ತಮಾಷೆಗೆ. ಎಲ್ಲರೂ ಮಾಡ್ತಾರೆ." ಇದೇ ಮೊದಲ ಸಲ ಎಂದರು. ಅಣಕದ ಬಗ್ಗೆ ಉತ್ತರಿಸಲಿಲ್ಲ. ಮೌನವನ್ನು ಒಪ್ಪಿಗೆಯೆಂದು ಬರೆದಿಲ್ಲ.

ವಿ-2 ಹೇಳಿದ್ದು (3.25): ಎಸೆದದ್ದನ್ನು ನೋಡಿದ್ದಾರೆ, ಎಳೆದಾಟ ನೋಡಿಲ್ಲ. ಹಿಂದಿನ ವಾರ ವಿ-4ರ ನೋಟ್‌ಬುಕ್ ಚರಂಡಿ ಪಕ್ಕ ಬಿದ್ದಿದ್ದು ಕಂಡಿದ್ದಾರೆ; ಅಲ್ಲಿಗೆ ಹೇಗೆ ಬಂತೋ ತಿಳಿಯದು ಎಂದರು.

ವಿ-9 ಹೇಳಿದ್ದು (ಜುಲೈ 15, ಬೆಳಿಗ್ಗೆ 10.30): ಫೋಟೊ ತೆಗೆದು ಮೂವರಿರುವ ವಾಟ್ಸಾಪ್ ಗುಂಪಿಗೆ ಕಳುಹಿಸಿದ್ದಾರೆ. ಪೋಷಕರ ಎದುರಿಗೇ ಮುಖ್ಯ ಶಿಕ್ಷಕರು ನೋಡಿದಂತೆ, ಚಿತ್ರದಲ್ಲಿ ಮಳೆಯಲ್ಲಿ ಬಗ್ಗಿರುವ ಒಬ್ಬರ ಬೆನ್ನು ಇದೆ, ಮುಖವಿಲ್ಲ. ಪ್ರತಿ ಮಾಡಿಕೊಂಡಿಲ್ಲ, ನನ್ನ ಫೋನಿಗೆ ತರಿಸಿಕೊಂಡಿಲ್ಲ. ಸಾಕ್ಷಿಗೆಂದು ಫಾರ್ವರ್ಡ್ ಮಾಡಿದರೆ ನೋಡುವವರು ಹೆಚ್ಚುತ್ತಾರೆ ಅಷ್ಟೆ. ಗುಂಪಿನಿಂದ ಅಳಿಸಿದ್ದಾಗಿ ಪೋಷಕರು 12.15ಕ್ಕೆ ತಿಳಿಸಿದ್ದಾರೆ. ಲೈಂಗಿಕ ಸ್ವರೂಪದ ಯಾವ ಅಂಶವೂ ಹೇಳಿಕೆಗಳಲ್ಲಿ ಬಂದಿಲ್ಲ. ಮುಂದೆ ಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು. ಎಲ್ಲ ಗುಟ್ಟನ್ನೂ ಕಾಯಲಾಗದು ಎಂಬುದನ್ನು ನಾಲ್ವರಿಗೂ ಮಾತಿಗೆ ಮುಂಚೆಯೇ ಹೇಳಿದ್ದೇನೆ.

ಹೊಂದದಿರುವುದು: ಎಷ್ಟನೇ ಸಲ ಎಂಬುದು. ವಿ-4 ಮೂರು, ವಿ-7 ಒಂದು ಎನ್ನುತ್ತಾರೆ. ಎರಡನ್ನೂ ಹಾಗೇ ಇಟ್ಟಿದ್ದೇನೆ. ವರಾಂಡದಲ್ಲಿ ಕ್ಯಾಮೆರಾ ಇಲ್ಲ. ಕರ್ತವ್ಯದಲ್ಲಿದ್ದ ಶಿಕ್ಷಕರು ಆಗ ಊಟದ ಕೋಣೆಯಲ್ಲಿದ್ದರು, ಅಲ್ಲಿಂದ ಸ್ಟ್ಯಾಂಡ್ ಕಾಣುವುದಿಲ್ಲ.

ಕೈಗೊಂಡದ್ದು: ವಿ-4, ವಿ-7, ವಿ-9ರ ಪೋಷಕರೊಂದಿಗೆ ಬೇರೆಬೇರೆಯಾಗಿ ಮಾತಾಡಲಾಗಿದೆ, ಒಬ್ಬರ ಮಗುವಿನ ಹೆಸರು ಇನ್ನೊಬ್ಬರಿಗೆ ಹೇಳಿಲ್ಲ. "ಇಬ್ಬರನ್ನೂ ಕೂರಿಸಿ ಕೈ ಕುಲುಕಿಸಿಬಿಡಿ" ಎಂಬ ಸಲಹೆ ಬಂತು. ಎದುರು ಕೂರಲು ಮನಸ್ಸಿಲ್ಲವೆಂದು ವಿ-4 ಹೇಳಿರುವುದರಿಂದ ಸದ್ಯಕ್ಕೆ ಒಪ್ಪಿಲ್ಲ. ಕೊಡೆ ಸ್ಟ್ಯಾಂಡನ್ನು ಶಿಕ್ಷಕರ ಕೊಠಡಿಯ ಬಾಗಿಲೆದುರಿಗೆ ತರಲಾಗಿದೆ. 1.10ರಿಂದ 1.45ರವರೆಗೆ ವರಾಂಡಕ್ಕೆ ಒಬ್ಬ ಶಿಕ್ಷಕರನ್ನು ಹಾಕಲಾಗಿದೆ. ವಿ-4ರ ಜಾಗ ಬದಲಿಸಿಲ್ಲ. ಅವರನ್ನೇ ಎಬ್ಬಿಸಿ ಬೇರೆಡೆ ಕೂರಿಸಿದರೆ ತಪ್ಪು ಅವರದೆಂಬಂತೆ ಕಾಣುತ್ತದೆ. ಮಕ್ಕಳ ಸಹಾಯವಾಣಿ 1098 ಅನ್ನು ವಿ-4 ಮತ್ತು ಪೋಷಕರಿಗೆ ತಿಳಿಸಲಾಗಿದೆ. ವಿ-7ರೊಂದಿಗೆ ಮುಂದಿನ ಮಾತುಕತೆ ಜುಲೈ 17ಕ್ಕೆ.

ಮರುಪರಿಶೀಲನೆ: ಜುಲೈ 21, ಸೋಮವಾರ. ಮಳೆ ರಜೆ ಘೋಷಣೆಯಾದರೆ ಮರುದಿನದ ಶಾಲಾ ವೇಳೆಯಲ್ಲಿ. ರಜೆಯಂದು ವಿ-4ರಿಗೆ ಫೋನ್ ಮಾಡಿ ವಿಚಾರಿಸಲಾಗುವುದು. ಸಂಕೇತಗಳ ಪಟ್ಟಿ ಮುಖ್ಯ ಶಿಕ್ಷಕರ ಬೀರುವಿನಲ್ಲಿ, ಈ ದಾಖಲೆ ನನ್ನ ಬೀರುವಿನಲ್ಲಿ, ಎರಡರ ಬೀಗದ ಕೈ ಬೇರೆಬೇರೆ.